‘ರಾಷ್ಟ್ರಪತಿಯವರು ಘೋಷಿಸಿದ್ದಾರೆ’: ಒಂದು ಭಾಷಣದಲ್ಲಿ ಕರ್ತೃ ಎಲ್ಲಿ ಹೋದರು?

1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ಜೂನ್ 25 ಹತ್ತಿರ ಬಂತೆಂದರೆ ಎರಡು ಮಾತು ಒಟ್ಟಿಗೆ ಕೇಳಿಸುತ್ತವೆ. ಒಂದು ಕಡೆಯವರು ‘ಸಂವಿಧಾನ ಹತ್ಯಾ ದಿವಸ’ ಅನ್ನುತ್ತಾರೆ. ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿ ಆ ದಿನಕ್ಕೆ ಇಟ್ಟ ಹೆಸರು ಇದು. ಇನ್ನೊಂದು ಕಡೆಯವರು ‘ಈಗ ಇರುವುದು ಅಘೋಷಿತ ತುರ್ತು ಪರಿಸ್ಥಿತಿ’ ಅನ್ನುತ್ತಾರೆ. ಆ ಕಾಲ ನೋಡಿರದ ಓದುಗರಿಗೆ ಗೊಂದಲ ಆಗುವುದು ಸಹಜ. ಅಷ್ಟು ದೊಡ್ಡ ಅನ್ಯಾಯವಾಗಿದ್ದರೆ ಜನ ಅದನ್ನು ಹೇಗೆ ಒಪ್ಪಿದರು? ಮೂರೇ ವರ್ಷದಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದ್ದು ಹೇಗೆ?

ಇದಕ್ಕೆ ಉತ್ತರದ ಒಂದು ಭಾಗ 1975ರ ಜೂನ್ 26ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರು ಆಕಾಶವಾಣಿಯಲ್ಲಿ ಮಾಡಿದ ಭಾಷಣದಲ್ಲಿದೆ. ಅದು ಚಿಕ್ಕ ಭಾಷಣ, ಕೆಲವೇ ನಿಮಿಷದ್ದು. ಅದರ ಒಂದೊಂದು ವಾಕ್ಯವನ್ನೂ ನಿಧಾನವಾಗಿ ಬಿಡಿಸಿ ನೋಡಿದರೆ, ಅಧಿಕಾರ ಭಾಷೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಹೀಗೆ ಬಿಡಿಸುವ ವಿಧಾನಕ್ಕೆ ವಿಮರ್ಶಾತ್ಮಕ ಸಂಕಥನ ವಿಶ್ಲೇಷಣೆ ಎಂದು ಹೆಸರು. ಹೆಸರು ದೊಡ್ಡದು. ಕೆಲಸ ಮಾತ್ರ ಶಾಲೆಯಲ್ಲಿ ಕಲಿತ ಕರ್ತೃ, ಕರ್ಮ, ಕ್ರಿಯಾಪದದಿಂದಲೇ ಶುರುವಾಗುತ್ತದೆ.

## ಮೊದಲು ಹಿನ್ನೆಲೆ

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಇಂದಿರಾ ಗಾಂಧಿಯವರ ರಾಯ್‌ಬರೇಲಿ ಆಯ್ಕೆಯನ್ನು ರದ್ದು ಮಾಡಿದರು. ಜೂನ್ 24ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆ ಕೊಟ್ಟರು. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಮುಂದುವರಿಯಬಹುದು, ಸಂಸತ್ತಿನಲ್ಲಿ ಮತ ಹಾಕುವಂತಿಲ್ಲ. ಮರುದಿನ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಸರ್ಕಾರದ ವಿರುದ್ಧದ ಚಳವಳಿಯ ನಾಯಕ ಜಯಪ್ರಕಾಶ ನಾರಾಯಣರ ದೊಡ್ಡ ಸಭೆ ನಡೆಯಿತು. ಕಾನೂನಿಗೆ ವಿರುದ್ಧವಾದ ಆದೇಶಗಳನ್ನು ಪೊಲೀಸರು, ಸೈನಿಕರು ಪಾಲಿಸಬೇಕಿಲ್ಲ ಎಂದು ಅವರು ಕರೆ ಕೊಟ್ಟರು.

ಅದೇ ರಾತ್ರಿ ಪ್ರಧಾನಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರಿಗೆ ಪತ್ರ ಕಳಿಸಿದರು. ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಬಿತ್ತು. ರಾತ್ರಿಯೇ ಬಂಧನಗಳು ಶುರುವಾದವು. ದೆಹಲಿಯ ಪತ್ರಿಕಾ ಕಚೇರಿಗಳಿಗೆ ಕರೆಂಟು ಹೋಯಿತು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಬೆಳಿಗ್ಗೆ. ಆಮೇಲೆ ಬಂತು ರೇಡಿಯೋ ಭಾಷಣ.

ಈ ಸರದಿ ನೆನಪಿರಲಿ. ಮೊದಲು ಸಹಿ, ಆಮೇಲೆ ಸಂಪುಟ, ಕೊನೆಗೆ ಜನ. ಭಾಷಣದ ವ್ಯಾಕರಣವನ್ನು ಈ ಸರದಿಯ ಪಕ್ಕದಲ್ಲಿ ಇಟ್ಟಾಗಲೇ ಅದರ ಅರ್ಥ ಬಿಚ್ಚಿಕೊಳ್ಳುವುದು.

## ಪರಿಚಯದ ಒಂದು ವಾಕ್ಯದಿಂದ ಅಭ್ಯಾಸ

ಭಾಷಣಕ್ಕೆ ಕೈ ಹಾಕುವ ಮೊದಲು ನಮಗೆ ಚೆನ್ನಾಗಿ ಗೊತ್ತಿರುವ ಒಂದು ಬಗೆಯ ವಾಕ್ಯ ನೋಡೋಣ. ಮೂಡಿಗೆರೆ, ಸಕಲೇಶಪುರದ ಕಡೆ ಯಾರನ್ನು ಕೇಳಿದರೂ ‘ಒತ್ತುವರಿ ತೆರವುಗೊಳಿಸಲಾಗುವುದು’ ಅನ್ನುವ ಮಾತು ಕೇಳಿರುತ್ತಾರೆ. ಯಾರು ತೆರವು ಮಾಡುತ್ತಾರೆ? ಯಾರದ್ದನ್ನು? ಯಾವಾಗ? ವಾಕ್ಯ ಹೇಳುವುದಿಲ್ಲ.

ಕನ್ನಡದಲ್ಲಿ ಕರ್ತೃಪದ ಬಿಟ್ಟು ಮಾತಾಡುವುದು ಮಾಮೂಲು. ‘ಬಂದರು’ ಅಂದರೆ ಸಾಕು, ಕ್ರಿಯಾಪದದ ತುದಿಯೇ ಬಂದವರು ಒಬ್ಬರೋ ಹಲವರೋ, ಗೌರವಕ್ಕೆ ಅಂದದ್ದೋ ಎಂದು ಸುಳಿವು ಕೊಡುತ್ತದೆ. ಆದರೆ ‘-ಲಾಯಿತು’, ‘-ಲಾಗುವುದು’ ಬಂದಾಗ ಆ ಸುಳಿವೂ ಅಳಿಸಿಹೋಗುತ್ತದೆ. ಕೆಲಸ ಉಳಿಯುತ್ತದೆ, ಮಾಡಿದವರು ಉಳಿಯುವುದಿಲ್ಲ. ‘ತೆರವು’ ಅನ್ನುವ ನಾಮಪದ ಒಂದು ಹೆಜ್ಜೆ ಇನ್ನೂ ಮುಂದೆ ಹೋಗುತ್ತದೆ. ‘ತೆರವು ಕಾರ್ಯಾಚರಣೆಯಿಂದ ಗೊಂದಲ’ ಅಂದರೆ ಜೆಸಿಬಿ ತಂದವರೂ ಇಲ್ಲ, ಗಿಡ ಕಳೆದುಕೊಂಡವರೂ ಇಲ್ಲ. ಒಂದು ವಸ್ತು ಮಾತ್ರ ಇದೆ, ಅದರ ಹೆಸರು ಕಾರ್ಯಾಚರಣೆ.

ಹಾಗಂತ ಇಂಥ ವಾಕ್ಯವೆಲ್ಲ ಮೋಸ ಅಂತಲ್ಲ. ‘ಮಳೆಗೆ ರಸ್ತೆ ಹಾಳಾಗಿದೆ’ ಅಂದಾಗ ಬಚ್ಚಿಡುವುದು ಏನೂ ಇರದೆ ಇರಬಹುದು. ಹಾಗಾಗಿ ಒಂದೇ ವಾಕ್ಯ ಹಿಡಿದು ತೀರ್ಪು ಕೊಡಬಾರದು. ಇಡೀ ಭಾಷಣ ತೆಗೆದುಕೊಳ್ಳಬೇಕು. ಪ್ರತಿ ಕ್ರಿಯಾಪದದ ಎದುರು ಮಾಡಿದವರು ಯಾರು, ಆಗಿದ್ದು ಯಾರಿಗೆ ಎಂದು ಬರೆಯುತ್ತಾ ಹೋಗಬೇಕು. ಯಾವ ಕೆಲಸಕ್ಕೆ ಹೆಸರಿದೆ, ಯಾವ ಕೆಲಸಕ್ಕೆ ಇಲ್ಲ ಅನ್ನುವುದರಲ್ಲಿ ಒಂದು ಕ್ರಮ ಕಂಡರೆ ಮಾತ್ರ ಅದು ಹೇಳುವಂಥ ವಿಷಯ.

## ‘ನಾನು’ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ

ಈಗ ಭಾಷಣ. ಇಂಗ್ಲಿಷ್ ಪಠ್ಯದ ಮಾತುಗಳನ್ನು ಆದಷ್ಟು ಹತ್ತಿರವಾಗಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಶುರು ಹೀಗಿದೆ: ‘ರಾಷ್ಟ್ರಪತಿಯವರು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ. ಗಾಬರಿಯಾಗುವಂಥದ್ದು ಏನೂ ಇಲ್ಲ.’ ವ್ಯಾಕರಣದ ಪ್ರಕಾರ ಮೊದಲ ವಾಕ್ಯ ಸರಿ. ಸಹಿ ರಾಷ್ಟ್ರಪತಿಯವರದ್ದೇ. ಆದರೆ ಸಹಿ ಕೇಳಿದ್ದು ಯಾರು? ಆ ಪತ್ರ ಬರೆದವರೇ ಈಗ ಮೈಕಿನ ಮುಂದೆ ಇದ್ದಾರೆ. ವಾಕ್ಯದೊಳಗೆ ಅವರಿಲ್ಲ. ಕೇಳುವವರಿಗೆ ಅವರು ಸುದ್ದಿ ತಂದವರ ಥರ ಕಾಣುತ್ತಾರೆ, ನಿರ್ಧಾರ ಮಾಡಿದವರ ಥರ ಅಲ್ಲ.

ಅದರ ಹಿಂದೆಯೇ ಬರುವ ವಾಕ್ಯ ನೋಡಿ: ‘ಭಾರತದ ಸಾಮಾನ್ಯ ಗಂಡಸರಿಗೂ ಹೆಂಗಸರಿಗೂ ಒಳ್ಳೆಯದಾಗುವ ಕೆಲವು ಪ್ರಗತಿಪರ ಕ್ರಮಗಳನ್ನು ನಾನು ಜಾರಿಗೆ ತರಲು ಶುರು ಮಾಡಿದಾಗಿನಿಂದ ಬೇಯುತ್ತಿರುವ ಆಳವಾದ, ವ್ಯಾಪಕವಾದ ಪಿತೂರಿಯ ಬಗ್ಗೆ ನಿಮಗೆಲ್ಲ ಅರಿವಿದೆ ಎಂದು ನಂಬಿದ್ದೇನೆ.’ ಇಲ್ಲಿ ‘ನಾನು’ ಬಂತು. ಒಳ್ಳೆಯ ಕೆಲಸದ ಕರ್ತೃವಾಗಿ ಬಂತು.

ಮುಂದೆ ಕಠಿಣ ಕ್ರಮದ ಮಾತು ಬಂದಾಗ ಹೇಗಿದೆ? ‘ರಾಷ್ಟ್ರದ ಸಮಗ್ರತೆ ದೃಢ ಕ್ರಮವನ್ನು ಬೇಡುತ್ತದೆ.’ ಬೇಡುತ್ತಿರುವುದು ಮನುಷ್ಯರಲ್ಲ, ‘ಸಮಗ್ರತೆ’ ಅನ್ನುವ ಗುಣ. ಮಾಡುವುದು ‘ದೃಢ ಕ್ರಮ’. ಆ ಎರಡು ಪದಗಳ ಒಳಗೆ ಆ ಹೊತ್ತಿಗೆ ಜೈಲು ಸೇರುತ್ತಿದ್ದವರೆಲ್ಲ ಅಡಗಿದ್ದಾರೆ. ‘ಬಂಧನ’ ಅನ್ನುವ ಪದ ಭಾಷಣದಲ್ಲಿ ಇಲ್ಲ. ಅಲಹಾಬಾದ್ ತೀರ್ಪಿನ ಹೆಸರೂ ಇಲ್ಲ. ‘ನನ್ನ ಮೇಲೆ ಎಲ್ಲ ಬಗೆಯ ಸುಳ್ಳು ಆರೋಪಗಳನ್ನು ಎಸೆಯಲಾಗಿದೆ’ ಎಂಬ ಮಾತಷ್ಟೇ ಇದೆ. ಹೈಕೋರ್ಟ್ ಕೊಟ್ಟ ತೀರ್ಪು ಎಲ್ಲೂ ಕಾಣದೆ, ಯಾರೋ ಎಸೆದ ಆರೋಪಗಳು ಮಾತ್ರ ಕೇಳುಗರಿಗೆ ಸಿಗುತ್ತವೆ. ಒಂದು ಪಠ್ಯ ಏನು ಹೇಳಲಿಲ್ಲ ಅನ್ನುವುದನ್ನೂ ಹೀಗೆ ಪಟ್ಟಿ ಮಾಡಬೇಕು. ಅದಕ್ಕೆ ಹಿಂದಿನ ಎರಡು ವಾರದ ಘಟನೆಗಳು ಗೊತ್ತಿರಲೇಬೇಕು. ಇಲ್ಲದಿದ್ದರೆ ಇಲ್ಲದ್ದು ಕಾಣುವುದೇ ಇಲ್ಲ.

ಹಾಗಾಗಿ ಇಲ್ಲಿ ಒಂದು ಕ್ರಮ ಕಾಣುತ್ತದೆ. ಜನಕ್ಕೆ ಹಿಡಿಸುವ ಕೆಲಸಕ್ಕೆ ‘ನಾನು’, ಹೆದರಿಸುವ ಕೆಲಸಕ್ಕೆ ರಾಷ್ಟ್ರಪತಿ ಅಥವಾ ರಾಷ್ಟ್ರದ ಸಮಗ್ರತೆ.

‘ನಿಮಗೆಲ್ಲ ಅರಿವಿದೆ’ ಅನ್ನುವ ತುಣುಕನ್ನೂ ಬಿಡಬಾರದು. ಪಿತೂರಿ ಇದೆಯೋ ಇಲ್ಲವೋ ಅನ್ನುವುದೇ ಅಸಲಿ ಪ್ರಶ್ನೆ. ಈ ವಾಕ್ಯದಲ್ಲಿ ಅದು ಪ್ರಶ್ನೆಯಾಗಿ ಬರುವುದೇ ಇಲ್ಲ. ಇದೆ ಎಂದು ಮೊದಲೇ ಇಟ್ಟುಕೊಂಡು, ನಿಮಗೆ ಗೊತ್ತಿರಬೇಕಲ್ವಾ ಎಂದಷ್ಟೇ ಹೇಳುತ್ತದೆ. ಗೊತ್ತಿಲ್ಲ ಅನ್ನುವವರು ಪಿತೂರಿಯನ್ನು ಪ್ರಶ್ನಿಸಿದ ಹಾಗಾಗುವುದಿಲ್ಲ, ತಮ್ಮ ಅಜ್ಞಾನ ಒಪ್ಪಿಕೊಂಡ ಹಾಗಾಗುತ್ತದೆ.

## ಎದುರಾಳಿಗೂ ಹೆಸರಿಲ್ಲ

ಇಲ್ಲೊಂದು ಸೋಜಿಗ. ತಮ್ಮ ಪಾತ್ರ ಮರೆಮಾಡಲು ಕರ್ತೃವನ್ನು ತೆಗೆದರು ಅಂದರೆ ಅರ್ಥವಾಗುತ್ತದೆ. ಆದರೆ ಎದುರಾಳಿಗಳನ್ನು ದೂರುವಾಗಲೂ ಕರ್ತೃ ಇಲ್ಲ. ‘ಕ್ರಮವಾಗಿ ಚುನಾಯಿತವಾದ ಸರ್ಕಾರಗಳಿಗೆ ಕೆಲಸ ಮಾಡಲು ಬಿಡಲಾಗಿಲ್ಲ.’ ‘ಕೋಮು ಭಾವನೆಗಳನ್ನು ಕೆರಳಿಸಲಾಗುತ್ತಿದೆ.’ ‘ಕೆಲವು ವ್ಯಕ್ತಿಗಳು ನಮ್ಮ ಸಶಸ್ತ್ರ ಪಡೆಗಳನ್ನು ದಂಗೆಗೆ, ಪೊಲೀಸರನ್ನು ಬಂಡಾಯಕ್ಕೆ ಪ್ರಚೋದಿಸುವವರೆಗೂ ಹೋಗಿದ್ದಾರೆ.’ ಜಯಪ್ರಕಾಶರ ಹೆಸರಿಲ್ಲ, ಯಾವ ಪಕ್ಷದ ಹೆಸರೂ ಇಲ್ಲ. ದೂರುವವರು ಹೆಸರು ಹೇಳಬೇಕಿತ್ತು ತಾನೆ?

ಹೆಸರು ಹೇಳಿದರೆ ಬೇಲಿ ಬೀಳುತ್ತದೆ. ಇಂಥವರು ಅಂದಮೇಲೆ ಬೇರೆಯವರು ಅಲ್ಲ ಎಂದಾಗುತ್ತದೆ. ‘ಕೆಲವು ವ್ಯಕ್ತಿಗಳು’ ಅಂದರೆ ಆ ಜಾಗಕ್ಕೆ ನಾಳೆ ಯಾರನ್ನು ಬೇಕಾದರೂ ಕೂರಿಸಬಹುದು. ಒಂದೇ ವ್ಯಾಕರಣ ಇಲ್ಲಿ ಎರಡು ಕೆಲಸ ಮಾಡುತ್ತಿದೆ. ತಮ್ಮ ಕಡೆ ಹೊಣೆಯನ್ನು ಕರಗಿಸುತ್ತದೆ, ಎದುರು ಕಡೆ ಅನುಮಾನವನ್ನು ಹರಡುತ್ತದೆ.

ಪದದ ಆಯ್ಕೆಯೂ ಜೊತೆಗೂಡುತ್ತದೆ. ಜಯಪ್ರಕಾಶರ ಪ್ರಕಾರ ಅದು ಕಾನೂನುಬಾಹಿರ ಆದೇಶವನ್ನು ಪಾಲಿಸದಿರುವ ಕರೆ. ಭಾಷಣದ ಪ್ರಕಾರ ಅದು ದಂಗೆಗೆ ಪ್ರಚೋದನೆ. ನಡೆದದ್ದು ಒಂದೇ ಮಾತು, ಇಟ್ಟ ಹೆಸರು ಎರಡು. ಸರ್ಕಾರದ ವಾದಕ್ಕೆ ಆಧಾರವೇ ಇರಲಿಲ್ಲ ಅನ್ನುವುದೂ ಸರಿಯಲ್ಲ. ಗುಜರಾತಿನಲ್ಲಿ 1974ರ ಚಳವಳಿಯ ಒತ್ತಡಕ್ಕೆ ವಿಧಾನಸಭೆ ವಿಸರ್ಜನೆಯಾಗಿತ್ತು. ಪೊಲೀಸರಿಗೆ ಆದೇಶ ಆರಿಸಿಕೊಳ್ಳಿ ಅನ್ನುವ ಕರೆ ಯಾವ ಸರ್ಕಾರಕ್ಕೂ ಹಗುರ ವಿಷಯವಲ್ಲ. ಆದರೆ ಆದೇಶ ಕಾನೂನಿಗೆ ವಿರುದ್ಧವೋ ಅಲ್ಲವೋ ಅನ್ನುವ ಚರ್ಚೆಯನ್ನು ‘ದಂಗೆ’ ಅನ್ನುವ ಪದ ಮುಚ್ಚಿಬಿಡುತ್ತದೆ.

ಡಚ್ ಭಾಷಾವಿಜ್ಞಾನಿ ಟಾಯ್ನ್ ವಾನ್ ಡೈಕ್ ಇದಕ್ಕೊಂದು ಚೌಕದ ಚಿತ್ರ ಕೊಟ್ಟಿದ್ದಾರೆ. ನಮ್ಮ ಒಳ್ಳೆಯದು ದೊಡ್ಡದಾಗಿ, ಅವರ ಕೆಟ್ಟದ್ದು ದೊಡ್ಡದಾಗಿ. ನಮ್ಮ ಕೆಟ್ಟದ್ದು ಚಿಕ್ಕದಾಗಿ, ಅವರ ಒಳ್ಳೆಯದು ಚಿಕ್ಕದಾಗಿ. ಈ ಭಾಷಣ ಆ ಚೌಕದ ನಾಲ್ಕು ಮೂಲೆಗೂ ಮುಟ್ಟುತ್ತದೆ.

## ‘ನಾವು’ ಅಂದರೆ ಯಾರು?

‘ಈ ಬೆಳವಣಿಗೆಗಳನ್ನು ನಾವು ಬಹಳ ಕಾಲ ಅತ್ಯಂತ ತಾಳ್ಮೆಯಿಂದ ನೋಡಿದ್ದೇವೆ’ ಎಂದು ಭಾಷಣ ಹೇಳುತ್ತದೆ. ಬೇರೆ ಕಡೆ ‘ನಮ್ಮ ಸಶಸ್ತ್ರ ಪಡೆಗಳು’, ‘ನಮ್ಮ ಜನ’, ‘ನಮ್ಮ ಐಕ್ಯತೆ’ ಬರುತ್ತವೆ. ತಾಳ್ಮೆಯಿಂದ ನೋಡಿದ ‘ನಾವು’ ಸರ್ಕಾರ. ಸೈನ್ಯದ ಒಡೆತನದ ‘ನಾವು’ ಇಡೀ ದೇಶ. ಮಧ್ಯೆ ಗೆರೆ ಇಲ್ಲ.

ಚಾರ್ಮಾಡಿ ಘಾಟಿ ಇಳಿದರೆ ತುಳು ಸಿಗುತ್ತದೆ. ತುಳುವಿನಲ್ಲಿ ಕೇಳುಗರನ್ನೂ ಸೇರಿಸಿಕೊಂಡರೆ ‘ನಮ’, ಕೇಳುಗರನ್ನು ಬಿಟ್ಟರೆ ‘ಎಂಕುಲು’. ಮಾತಾಡುವವರು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಇಂದಿನ ಕನ್ನಡದ ‘ನಾವು’ ಪದಕ್ಕೆ ಆ ಕಟ್ಟು ಇಲ್ಲ, ಇಂಗ್ಲಿಷಿಗೂ ಇಲ್ಲ. ಹಾಗಾಗಿ ಸರ್ಕಾರದ ‘ನಾವು’ ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ದೇಶದ ‘ನಾವು’ ಆಗಿಬಿಡುತ್ತದೆ. ಸರ್ಕಾರವನ್ನು ವಿರೋಧಿಸಿದವರು ದೇಶದ ಹೊರಗೆ ನಿಂತ ಹಾಗೆ ಕಾಣುತ್ತಾರೆ. ಇಷ್ಟೆಲ್ಲ ಆಗಿಯೂ, ಆ ರಾತ್ರಿ ಸಹಿ ಬಿದ್ದಾಗ ಸಂಪುಟಕ್ಕೇ ವಿಷಯ ಗೊತ್ತಿರಲಿಲ್ಲ. ಸರ್ಕಾರದ ‘ನಾವು’ ಸಹ ಆಗ ಪೂರ್ತಿ ‘ನಾವು’ ಆಗಿರಲಿಲ್ಲ.

## ಒಂದು ಭರವಸೆಯ ಬೆಲೆ

‘ಈ ಹೊಸ ಘೋಷಣೆ ಕಾನೂನು ಪಾಲಿಸುವ ನಾಗರಿಕರ ಹಕ್ಕುಗಳಿಗೆ ಯಾವ ರೀತಿಯಲ್ಲೂ ಧಕ್ಕೆ ತರುವುದಿಲ್ಲ ಎಂದು ಭರವಸೆ ಕೊಡುತ್ತೇನೆ.’ ಕೇಳಲು ಹಿತವಾದ ವಾಕ್ಯ. ಒಂದು ವಿಶೇಷಣ ತೆಗೆದು ಓದಿದರೆ ವ್ಯತ್ಯಾಸ ಕಾಣುತ್ತದೆ. ‘ನಾಗರಿಕರ ಹಕ್ಕುಗಳಿಗೆ ಧಕ್ಕೆ ಇಲ್ಲ’ ಅಂದಿದ್ದರೆ ಅದು ಎಲ್ಲರಿಗೂ ಕೊಟ್ಟ ಮಾತು. ‘ಕಾನೂನು ಪಾಲಿಸುವ’ ಅನ್ನುವುದು ಸೇರಿದಾಗ ಅದು ಷರತ್ತಾಯಿತು. ಯಾರು ಕಾನೂನು ಪಾಲಿಸುವವರು ಎಂದು ಸಾಮಾನ್ಯವಾಗಿ ತೀರ್ಮಾನಿಸುವುದು ಕೋರ್ಟು. ಮರುದಿನವೇ, ಜೂನ್ 27ರಂದು, ರಾಷ್ಟ್ರಪತಿಗಳ ಆದೇಶದಿಂದ ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ, ಬಂಧನದ ವಿರುದ್ಧ ರಕ್ಷಣೆ ಕೊಡುವ ಸಂವಿಧಾನದ 14, 21, 22ನೇ ವಿಧಿಗಳ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿ ನಿಂತುಹೋಯಿತು. ಷರತ್ತು ಉಳಿಯಿತು, ಅದನ್ನು ಪರೀಕ್ಷಿಸುವ ಜಾಗ ಮುಚ್ಚಿತು.

ಮುಂದಿನ ಲೆಕ್ಕ, ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ಮಾಡಿದ ಷಾ ಆಯೋಗದ ವರದಿಯಲ್ಲಿದೆ. ಆಂತರಿಕ ಭದ್ರತೆಯ ಹೆಸರಿನ ಮೀಸಾ ಕಾಯ್ದೆಯಡಿ 34,988 ಜನರನ್ನು ವಿಚಾರಣೆ ಇಲ್ಲದೆ ಬಂಧಿಸಲಾಗಿತ್ತು. ಭಾರತ ರಕ್ಷಣಾ ನಿಯಮಗಳಡಿ 75,818 ಜನರ ಬಂಧನವಾಗಿತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1 ಬಹುಮತದಿಂದ, ಬಂಧನದಲ್ಲಿದ್ದವರು ತಮ್ಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವಂತಿಲ್ಲ ಎಂದಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ‘ಆದಷ್ಟು ಬೇಗ’ ತೆಗೆಯುತ್ತೇವೆ ಎಂದಿದ್ದ ಘೋಷಣೆ 1977ರ ಮಾರ್ಚ್ 21ರವರೆಗೆ, ಅಂದರೆ ಸುಮಾರು 21 ತಿಂಗಳು, ಇತ್ತು.

## ಹಾಸನ ಒಂದು ದಾರಿ, ಚಿಕ್ಕಮಗಳೂರು ಇನ್ನೊಂದು

ಇಲ್ಲಿಗೆ ನಿಲ್ಲಿಸಿದರೆ ವಿಶ್ಲೇಷಣೆ ಸುಲಭವಾಗಿಬಿಡುತ್ತದೆ: ಭಾಷಣ ಜಾಣತನದ್ದು, ಜನ ನಂಬಿದರು. ಅಷ್ಟು ಸರಳವಾಗಿದ್ದರೆ ನಮ್ಮ ಎರಡು ಜಿಲ್ಲೆಗಳು ಒಂದೇ ಥರ ನಡೆಯಬೇಕಿತ್ತು. ಹಾಗಾಗಲಿಲ್ಲ.

1977ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಉಳಿದ ಎರಡರಲ್ಲಿ ಒಂದು ಹಾಸನ. ಪಕ್ಕದ ಚಿಕ್ಕಮಗಳೂರು ಕಾಂಗ್ರೆಸ್ ಜೊತೆಗಿತ್ತು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಆ ಸ್ಥಾನ ಬಿಟ್ಟುಕೊಟ್ಟರು. ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸುಮಾರು 77 ಸಾವಿರ ಮತಗಳಿಂದ ಸೋಲಿಸಿದರು.

ಬ್ರಿಟಿಷ್ ವಿದ್ವಾಂಸ ನಾರ್ಮನ್ ಫೇರ್‌ಕ್ಲಫ್ ಅವರು ಪಠ್ಯವನ್ನು ಮೂರು ಪದರಗಳಲ್ಲಿ ನೋಡಿ ಅನ್ನುತ್ತಾರೆ. ಒಳಗಿನದು ಪಠ್ಯ. ಅದರ ಸುತ್ತ, ಪಠ್ಯ ಹೇಗೆ ತಯಾರಾಯಿತು, ಹೇಗೆ ಹಂಚಿಕೆಯಾಯಿತು, ಯಾರು ಹೇಗೆ ಕೇಳಿದರು ಅನ್ನುವುದು. ಎಲ್ಲಕ್ಕಿಂತ ಹೊರಗೆ ಆ ಕಾಲದ ಸಮಾಜ. ಈವರೆಗೆ ನಾವು ನೋಡಿದ್ದು ಹೆಚ್ಚಾಗಿ ಒಳಗಿನ ಪದರ. ಹಾಸನ, ಚಿಕ್ಕಮಗಳೂರಿನ ವ್ಯತ್ಯಾಸ ಹೊರಗಿನ ಎರಡರಲ್ಲಿದೆ.

ಎರಡನೇ ಪದರದಲ್ಲಿ ರೇಡಿಯೋ ಇದೆ. ಆಕಾಶವಾಣಿ ಸರ್ಕಾರದ್ದು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಭಾಷಣಕ್ಕೆ ಎದುರು ಭಾಷಣ ಕೇಳುವ ಅವಕಾಶ ಬಹುಪಾಲು ಜನರಿಗೆ ಇರಲಿಲ್ಲ. ಆದರೆ ಸುದ್ದಿ ಬಾಯಿಂದ ಬಾಯಿಗೂ ಹೋಗುತ್ತದೆ. ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಆಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರು. ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ‘ಕೆಲವು ವ್ಯಕ್ತಿಗಳು’ ಎಂದು ರೇಡಿಯೋ ಹೇಳಿದ ಜಾಗದಲ್ಲಿ ಹಾಸನದವರಿಗೆ ಪರಿಚಯದ ಒಂದು ಮುಖ ಇತ್ತು. ಹೆಸರು ತೆಗೆದುಹಾಕಿದ ವಾಕ್ಯಕ್ಕೆ ಊರಿನವರೇ ಹೆಸರು ತುಂಬಬಲ್ಲವರಾದರೆ ಆ ವಾಕ್ಯದ ಶಕ್ತಿ ಕಡಿಮೆಯಾಗುತ್ತದೆ. ಹಾಸನದ ಫಲಿತಾಂಶಕ್ಕೆ ಇದೊಂದೇ ಕಾರಣ ಅನ್ನಲಾಗದು. ಆದರೆ ಇದನ್ನು ಬಿಟ್ಟು ಆ ಫಲಿತಾಂಶವನ್ನು ವಿವರಿಸುವುದು ಕಷ್ಟ ಎಂದು ನನಗನ್ನಿಸುತ್ತದೆ.

ಮೂರನೇ ಪದರದಲ್ಲಿ ಭೂಮಿ ಇದೆ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ತಾವು ಉಳುತ್ತಿದ್ದ ಭೂಮಿಯ ಒಡೆತನ ಕೋರಿ ಫಾರಂ ನಂಬರ್ 7 ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲುತ್ತಿದ್ದ ಕಾಲ ಅದು. ಕಾಫಿ ತೋಟಗಳಿಗೆ ಕಾಯ್ದೆಯಿಂದ ವಿನಾಯಿತಿ ಇತ್ತು. ಗದ್ದೆ ಗೇಣಿ ಮಾಡುತ್ತಿದ್ದವರಿಗೆ ಮಾತ್ರ ಅದು ಬದುಕು ಬದಲಿಸುವ ವಿಷಯ. ಅಂಥ ಮನೆಯಲ್ಲಿ ‘ಸಾಮಾನ್ಯ ಗಂಡಸರಿಗೂ ಹೆಂಗಸರಿಗೂ ಒಳ್ಳೆಯದಾಗುವ ಪ್ರಗತಿಪರ ಕ್ರಮ’ ಅನ್ನುವ ಮಾತು ಸುಮ್ನೆ ಬಣ್ಣದ ಮಾತಾಗಿ ಕೇಳಿಸುವುದಿಲ್ಲ. ಅದು ನ್ಯಾಯಮಂಡಳಿಗೆ ಹಾಕಿದ ಅರ್ಜಿಯ ನೆನಪು ತರುತ್ತದೆ. ಸಿದ್ಧಾಂತ ಬರೀ ಸುಳ್ಳಿನ ಮೇಲೆ ನಿಲ್ಲುವುದಿಲ್ಲ. ಒಂದು ನಿಜವಾದ ಅನುಭವವನ್ನು ಹಿಡಿದುಕೊಂಡು, ಅದರ ಜೊತೆಗೆ ಬೇರೆ ಒಂದನ್ನೂ ಒಪ್ಪಿಸುತ್ತದೆ. ಭೂಮಿ ಸಿಕ್ಕಿದ್ದು ನಿಜ, ಹಾಗಾಗಿ ಪಿತೂರಿಯೂ ನಿಜ ಇರಬೇಕು. ಈ ಜೋಡಣೆಯೇ ಭಾಷಣದ ಆ ಪಿತೂರಿಯ ವಾಕ್ಯದ ಅಸಲಿ ಕೆಲಸ.

ಇಂಥ ವಿಶ್ಲೇಷಣೆಯನ್ನು ಒಪ್ಪದವರೂ ಇದ್ದಾರೆ. ವಿಶ್ಲೇಷಕರು ತಮಗೆ ಬೇಕಾದ ಸಾಲು ಆರಿಸಿ, ತಮಗೆ ಬೇಕಾದ ಅರ್ಥ ತೆಗೆಯುತ್ತಾರೆ ಎಂದು ಭಾಷಾವಿಜ್ಞಾನಿ ಹೆನ್ರಿ ವಿಡೋಸನ್ ಆಕ್ಷೇಪಿಸಿದ್ದರು. ಆ ಆಕ್ಷೇಪದಲ್ಲಿ ತೂಕ ಇದೆ. ಹಾಸನದ ಉದಾಹರಣೆಯೇ ಅದಕ್ಕೆ ಸಾಕ್ಷಿ. ಪಠ್ಯ ಕೇಳುಗರ ಮುಂದೆ ಏನನ್ನು ಇಟ್ಟಿತು ಎಂದು ಹೇಳಬಹುದು. ಕೇಳುಗರು ಏನನ್ನು ತೆಗೆದುಕೊಂಡರು ಎಂದು ಪಠ್ಯವೊಂದರಿಂದಲೇ ಹೇಳಲಾಗದು. ಅದಕ್ಕೆ ಮತಪೆಟ್ಟಿಗೆ, ಜೈಲಿನ ದಾಖಲೆ, ಭೂ ನ್ಯಾಯಮಂಡಳಿಯ ಕಡತ ಎಲ್ಲವನ್ನೂ ನೋಡಬೇಕು.

## ಇಂದಿನ ಎರಡು ಹೆಸರುಗಳು

ಇದೇ ಅಳತೆಗೋಲನ್ನು ಈಗಿನ ಜಗಳಕ್ಕೂ ಹಿಡಿಯಬೇಕು. ನಮಗೆ ಇಷ್ಟವಾಗದ ಪಕ್ಷಕ್ಕೆ ಮಾತ್ರ ಹಿಡಿದರೆ ಅದು ವಿಶ್ಲೇಷಣೆ ಆಗುವುದಿಲ್ಲ.

‘ಸಂವಿಧಾನ ಹತ್ಯೆ’ ಅನ್ನುವುದು ರೂಪಕ. ಸಂವಿಧಾನ ಇಲ್ಲಿ ಕೊಲೆಯಾದ ಒಂದು ಜೀವ. ಹೆಸರು ‘ಹತ್ಯೆ’ ಅನ್ನುತ್ತದೆ, ಕೊಂದವರ ಹೆಸರು ಹೇಳದೆ ಕೇಳುಗರಿಗೆ ಬಿಡುತ್ತದೆ. ಇನ್ನೊಂದು ತೊಡಕೂ ಇದೆ. 1975ರ ಘೋಷಣೆ ಸಂವಿಧಾನದ 352ನೇ ವಿಧಿಯನ್ನೇ ಬಳಸಿ ಬಂದದ್ದು. ಕೊಲೆ ಅಂದಾಗ ಹೊರಗಿನಿಂದ ಬಂದ ಆಯುಧದ ಚಿತ್ರ ಮನಸ್ಸಿಗೆ ಬರುತ್ತದೆ. ಆಯುಧ ಸಂವಿಧಾನದ ಒಳಗೇ ಇತ್ತು ಅನ್ನುವ, ಹೆಚ್ಚು ಯೋಚಿಸಬೇಕಾದ ವಿಷಯ ಆ ಚಿತ್ರದ ಹಿಂದೆ ಸರಿಯುತ್ತದೆ.

‘ಅಘೋಷಿತ ತುರ್ತು ಪರಿಸ್ಥಿತಿ’ ಇನ್ನೊಂದು ಬಗೆ. ತುರ್ತು ಪರಿಸ್ಥಿತಿ ಅನ್ನುವುದು ಘೋಷಣೆಯಿಂದಲೇ ಹುಟ್ಟುವ ಕಾನೂನಿನ ಸ್ಥಿತಿ. ‘ಅಘೋಷಿತ’ ಸೇರಿಸಿದಾಗ ಕಾನೂನಿನ ಭಾಗ ಹೋಗಿ ಭಯದ ಭಾಗ ಉಳಿಯುತ್ತದೆ. ಇಂದಿನ ಯಾವ ಕ್ರಮ, ಯಾವ ಕಾಯ್ದೆ, ಎಷ್ಟು ಜನ ಎಂದು ಪ್ರತ್ಯೇಕವಾಗಿ ತೋರಿಸುವ ಹೊಣೆಯಿಂದ ಆ ಪದ ಹೇಳುವವರನ್ನು ಬಿಡುಗಡೆ ಮಾಡುತ್ತದೆ. ಪರಿಣಾಮ ಏನೆಂದರೆ ಎರಡೂ ಕಡೆ 1975 ಒಂದು ಬೈಗುಳವಾಗುತ್ತದೆ. ಆಗ ನಿಜವಾಗಿ ಯಾವ ಕೊಂಡಿ ಕಳಚಿತ್ತು ಅನ್ನುವುದು ಮರೆತುಹೋಗುತ್ತದೆ.

## ಕಳಚಿದ ಕೊಂಡಿ

ಆ ಕೊಂಡಿಯನ್ನು ಗುರುತಿಸಿದ್ದು 1978ರ 44ನೇ ಸಂವಿಧಾನ ತಿದ್ದುಪಡಿ. ಭಾಷಣ ಓದಿದ ಮೇಲೆ ಆ ತಿದ್ದುಪಡಿ ಓದಿದರೆ, ಒಂದಕ್ಕೊಂದು ಉತ್ತರ ಕೊಟ್ಟ ಹಾಗಿದೆ. ಸಂಪುಟದ ನಿರ್ಧಾರ ಲಿಖಿತವಾಗಿ ಬಾರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಎಂದು ಅದು ಹೇಳಿತು. ಅಂದರೆ ‘ರಾಷ್ಟ್ರಪತಿಯವರು ಘೋಷಿಸಿದ್ದಾರೆ’ ಅನ್ನುವ ವಾಕ್ಯದಿಂದ ಬಿಟ್ಟುಹೋಗಿದ್ದವರು ಇನ್ನು ಮುಂದೆ ಕಾಗದದ ಮೇಲೆ ಇರಲೇಬೇಕು. 20 ಮತ್ತು 21ನೇ ವಿಧಿಗಳ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಿತು. ಹಾಗಾಗಿ ಜೀವ, ಸ್ವಾತಂತ್ರ್ಯದ ಹಕ್ಕಿಗೆ ‘ಕಾನೂನು ಪಾಲಿಸುವ’ ಅನ್ನುವ ಷರತ್ತನ್ನು ತೂಗಿನೋಡುವ ಕೋರ್ಟು ತೆರೆದೇ ಇರುತ್ತದೆ.

ಮೂರನೆಯದು ಒಂದು ಪದದ ಬದಲಾವಣೆ. 352ನೇ ವಿಧಿಯಲ್ಲಿ ಮೊದಲು ‘ಆಂತರಿಕ ಕ್ಷೋಭೆ’ ಎಂದಿತ್ತು. ಮುಷ್ಕರವೂ ಕ್ಷೋಭೆಯೇ, ಮೈದಾನದ ಸಭೆಯೂ ಕ್ಷೋಭೆಯೇ ಅನ್ನಬಹುದಾದಷ್ಟು ಅಗಲದ ಪದ ಅದು. ತಿದ್ದುಪಡಿ ಅದನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು. ಹಳೆಯ ಪದ ಸಂವಿಧಾನದಿಂದ ಪೂರ್ತಿ ಹೋಗಿಲ್ಲ. ರಾಜ್ಯಗಳನ್ನು ‘ಆಂತರಿಕ ಕ್ಷೋಭೆ’ಯಿಂದ ಕಾಪಾಡುವುದು ಕೇಂದ್ರದ ಕರ್ತವ್ಯ ಎಂದು 355ನೇ ವಿಧಿಯಲ್ಲಿ ಅದು ಇಂದಿಗೂ ಇದೆ.